ಉಗಾದಿ ಹೊಲಿಗೆಗೆ ಕೊನೆ ದಿನ: ಕುರುಗೋಡಿನ ಒಂದು ಬೋರ್ಡಿನ ಲೆಕ್ಕ



ಸ್ವಲ್ಪ ಉದ್ದದ ಪೋಸ್ಟು, ಟೈಮ್ ಇದ್ದಾಗ ಓದಿ. ವಿಷಯ ಟೇಲರ್ ಅಂಗಡಿಯ ಬೋರ್ಡು. ಹಬ್ಬಕ್ಕೆ ಒಂದು ತಿಂಗಳು ಮೊದಲು ಅಂಗಡಿ ಮುಂದೆ ತೂಗುಹಾಕ್ತಾರಲ್ಲ, "ಆರ್ಡರ್ ಕೊನೆ ದಿನಾಂಕ" ಅಂತ, ಅದು. ಇದರಲ್ಲಿ ಹೋರಾಟ ಏನೈತಿ ಅಂತ ಕೇಳೋರು ಕೊನೆವರೆಗೂ ಓದಿ, ಆಮೇಲೆ ಜಗಳ ಆಡೋಣ.

ಹೊಲಿಗೆಯಲ್ಲಿ "ಕೊನೆ ದಿನ" ಅನ್ನೋದು ನಮ್ಮ ಕೇರಿಗೆ ಹೊಸದಲ್ಲ. ನಮ್ಮವ್ವನ ಕಾಲದಲ್ಲಿ ಅದನ್ನ ಬರೀತಿರಲಿಲ್ಲ, ಅಷ್ಟೇ. ಊರೊಳಗಿನ ಟೇಲರ್ ನಮ್ಮ ಹೆಣ್ಣುಮಕ್ಕಳ ಅಳತೆ ತಗೊಂತಿರಲಿಲ್ಲ. ಹಳೇ ಜಂಪರ್ ಒಂದನ್ನ ಹೊಸ ಬಟ್ಟೆಯೊಳಗೆ ಸುತ್ತಿ ಕಟ್ಟೆ ಮೇಲೆ ಇಡಬೇಕು, ಅವನು ಆ ಹಳೇದನ್ನೇ ಅಳತೆ ಮಾಡಿ ಹೊಲೀತಿದ್ದ. ಹಿಂದಿನ ಎರಡು ವರ್ಷದಲ್ಲಿ ಮೈ ಇಳಿದಿದ್ರೂ ಉಬ್ಬಿದ್ರೂ ಅದೇ ಅಳತೆ. ಯಾವಾಗ ಕೊಡ್ತೀರಿ ಅಂದ್ರೆ "ಊರವ್ರದು ಮುಗೀಲಿ" ಅಂತಿದ್ದ. ಊರವ್ರದು ಮುಗಿಯೋದು ಅಮಾಸೆ ದಿನ. ಹಬ್ಬದ ದಿನ ನಮ್ಮವ್ವ ಹಳೇ ಜಂಪರ್ ಮೇಲೆ ಹೊಸ ಸೀರೆ ಉಟ್ಟಿದ್ದು ನನಗೆ ಚೆನ್ನಾಗಿ ನೆನಪೈತಿ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ ಸೀರೆ ಉಡೋ ರೀತಿ ಬದಲಾಯಿಸಿ ಅಂತ ಹೇಳಿದ್ದು ಯಾಕೆ ಅಂತ ಪುಸ್ತಕ ಓದೋಕಿಂತ ಮೊದಲೇ ನನಗೆ ಹಂಗೆ ಅರ್ಥ ಆಗಿತ್ತು.

ಈಗ ಕಾಲ ಬದಲಾಗೈತಿ. ಕುರುಗೋಡಿನಲ್ಲಿ ನಮ್ಮ ಹುಡುಗನೇ ಒಬ್ಬ ಟೇಲರ್ ಆಗಿದ್ದಾನೆ. ಬಳ್ಳಾರಿಯ ಜೀನ್ಸ್ ಹೊಲಿಯೋ ಘಟಕವೊಂದರಲ್ಲಿ ಪೀಸ್ ಲೆಕ್ಕದ ಮೇಲೆ ಆರೇಳು ವರ್ಷ ಕೆಲಸ ಮಾಡಿ, ಕೈ ಕುದುರಿದ ಮೇಲೆ ಸ್ವಂತ ಅಂಗಡಿ ಹಾಕಿದ. ಎರಡು ಮಿಷನ್ನು, ಒಬ್ಬ ಕೆಲಸದ ಹುಡುಗ. ಹುಕ್ಕು ಹಚ್ಚೋದು, ಕೈಹೊಲಿಗೆ ಅವನ ಹೆಂಡತಿಯದು. ಹೊಲಿಗೆ ಚಲೋ ಇರೋದಕ್ಕೆ ಊರವ್ರೂ ಬರ್ತಾರೆ, ಕೇರಿಯವ್ರೂ ಬರ್ತಾರೆ. ಕಷ್ಟ ಶುರುವಾಗೋದೇ ಅಲ್ಲಿ. ಹಬ್ಬದ ಮುಂದೆ ಊರ ದೊಡ್ಡ ಮನೆಯಿಂದ ಬಟ್ಟೆ ಬಂದ್ರೆ ಇವನ ಬಾಯಿಂದ "ಆಗಲ್ಲ" ಅಂತ ಹೊರಡಲ್ಲ. ಹೊರಡೋಕೆ ಬಿಡೋದೂ ಇಲ್ಲ.

2024ರ ಮಾರ್ಚ್ ಮೊದಲ ವಾರ ನನ್ನ ಹತ್ರ ಬಂದ. "ಅಣ್ಣ, ನೀವು ಆಫೀಸಿನಾಗ ನೋಟೀಸು ಬರೀತೀರಲ್ಲ, ನನಗೂ ಒಂದು ಬರಕೊಡ್ರಿ" ಅಂದ.

ಆ ವರ್ಷದ ಸಂಕಟ ಏನಂದ್ರೆ ಮೂರು ಹಬ್ಬ ಒಂದೇ ವಾರಕ್ಕೆ ಬಿದ್ದಿದ್ದವು. ಏಪ್ರಿಲ್ 9ಕ್ಕೆ ಉಗಾದಿ, 11ಕ್ಕೆ ರಂಜಾನ್, 14ಕ್ಕೆ ಅಂಬೇಡ್ಕರ್ ಜಯಂತಿ. ಮೂರಕ್ಕೂ ಹೊಸ ಬಟ್ಟೆ, ಮಿಷನ್ನು ಮಾತ್ರ ಎರಡೇ.

ಬರೆಯೋ ಮೊದಲು ಬೇರೆ ಬೋರ್ಡುಗಳನ್ನ ನೋಡೋಣ ಅಂದೆ. ಬಳ್ಳಾರಿಯಲ್ಲಿ ಬೆಂಗಳೂರು ರಸ್ತೆ ಕಡೆ ಹೋದಾಗ ಒಂದು ಅಂಗಡಿಯ ಫ್ಲೆಕ್ಸು ಕಣ್ಣಿಗೆ ಬಿತ್ತು: ಮಾರ್ಚ್ 15ರ ನಂತರ ಅರ್ಜೆಂಟ್ ಆರ್ಡರಿಗೆ ಡಬಲ್ ಚಾರ್ಜ್. ಸಿರುಗುಪ್ಪದಲ್ಲಿ ನಮ್ಮ ಸಂಬಂಧಿಕರ ಮನೆ ಹತ್ರದ ಲೇಡೀಸ್ ಟೇಲರ್ ಅಕ್ಕ ಒಂದು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ "ಹಬ್ಬದ ಆರ್ಡರ್ ಮುಗಿದಿದೆ" ಅಂತ ಬರೆದು ಬಾಗಿಲಿಗೆ ಸಿಗಿಸಿದ್ರು. ನಾನು ಅಲ್ಲೇ ಕೂತಿರುವಾಗ ಹಿತ್ತಲ ಬಾಗಿಲಿಂದ ಇಬ್ಬರು ಬಂದು ಬಟ್ಟೆ ಕೊಟ್ಟು ಹೋದ್ರು. ಕೇಳಿದ್ದಕ್ಕೆ "ಅವ್ರು ಗೊತ್ತಿರೋರು ಸರ್, ಇಲ್ಲ ಅನ್ನೋಕಾಗುತ್ತಾ" ಅಂದ್ರು. ಬೈಯೋ ಮಾತಲ್ಲ ಅದು. ಅವರ ಜೀವನವೂ ಗೊತ್ತಿರೋರ ಮೇಲೇ ನಡೆಯೋದು.

ಎರಡೂ ಬೋರ್ಡಿನ ಪರಿಣಾಮ ಯೋಚನೆ ಮಾಡಿ. ಡಬಲ್ ಚಾರ್ಜ್ ಕೊಟ್ಟವರ ಬಟ್ಟೆ ಮೊದಲು ಹೊಲೀತಾರೆ. ದುಡ್ಡು ಡಬಲ್ ಆದ್ರೂ ದಿನಕ್ಕೆ ತಾಸು ಅಷ್ಟೇ. ಹಂಗಾದ್ರೆ ಆ ಎರಡು ತಾಸು ಬಂದಿದ್ದು ಎಲ್ಲಿಂದ? ಮಾರ್ಚ್ 10ಕ್ಕೇ ಬಟ್ಟೆ ಕೊಟ್ಟು, ಚೀಟಿ ಹಿಡಕೊಂಡು, ಎರಡು ಸಲ ಬಂದು "ನಾಳೆ ಬಾ" ಅನ್ನಿಸಿಕೊಂಡು ಹೋದ ಯಾವಳೋ ಕೂಲಿ ಹೆಣ್ಣುಮಗಳ ಜಂಪರಿನಿಂದ. ಅವಳಿಗೆ ಇದು ಗೊತ್ತೂ ಆಗಲ್ಲ, ಟೇಲರ್ ತಡ ಮಾಡಿದ ಅಂತ ಅಷ್ಟೇ ಅನಕೋತಾಳೆ. ಗೊತ್ತಿರೋರಿಗೆ ಹಿತ್ತಲ ಬಾಗಿಲು ಅಂದ್ರೂ ಆಗೋದು ಅದೇ. ಟೇಲರಿಗೆ "ಗೊತ್ತಿರೋರು" ಯಾರು, ನಮ್ಮೂರುಗಳಲ್ಲಿ ಯಾರು ಯಾರಿಗೆ ಗೊತ್ತಿರ್ತಾರೆ ಅನ್ನೋದನ್ನ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು "ತಡವಾಗಿ ಬಂದ್ರೆ ಇಲ್ಲವೇ ಇಲ್ಲ" ಅಂತ ಕಟ್ಟುನಿಟ್ಟಾಗಿ ಬರೆದ್ರೆ? ಅದು ನ್ಯಾಯದ ಹಂಗೆ ಕಾಣುತ್ತೆ. ಆದರೆ ತಡವಾಗಿ ಬರೋರು ಯಾರು ಅಂತ ನೋಡಬೇಕು. ಅದು ಬರದ ವರ್ಷ. ತುಂಗಭದ್ರಾ ನೀರು ಎರಡನೇ ಬೆಳೆಗೆ ಸಿಗಲಿಲ್ಲ, ಭತ್ತದ ಕೂಲಿ ಇರಲಿಲ್ಲ. ಹೆಣ್ಣುಮಕ್ಕಳ ಕೈಯಾಗೆ ಇದ್ದದ್ದು ಮೆಣಸಿನಕಾಯಿ ಬಿಡಿಸಿದ ಕೂಲಿ, ಇಲ್ಲಾ ಗೃಹಲಕ್ಷ್ಮಿಯ ಎರಡು ಸಾವಿರ. ಆ ಎರಡು ಸಾವಿರ ಯಾವ ತಾರೀಕಿಗೆ ಖಾತೆಗೆ ಬೀಳುತ್ತೆ ಅಂತ ಯಾರಿಗೂ ಮೊದಲೇ ಗೊತ್ತಿರಲ್ಲ. ಬಿದ್ದ ಮೇಲೆ ಬಟ್ಟೆ ಅಂಗಡಿ, ಆಮೇಲೆ ಟೇಲರ್ ಅಂಗಡಿ. ಸಂಬಳದವ್ರು ಮಾರ್ಚ್ 5ಕ್ಕೆ ಬಟ್ಟೆ ಕೊಡ್ತೀವಿ, ನಾನೂ ಕೊಟ್ಟಿದ್ದೆ. ಕೂಲಿಯವ್ರ ಬಟ್ಟೆ ಬರೋದು ಕೊನೆ ದಿನ ಮುಗಿದ ಮೇಲೇ. ಹಂಗಾಗಿ ಬೋರ್ಡಿನಲ್ಲಿ ಬರೋ ತಾರೀಕು ಎಷ್ಟು ಮುಖ್ಯವೋ, ಅದರ ಕೆಳಗೆ ತಡವಾಗಿ ಬಂದವರಿಗೆ ಏನು ಅಂತ ಬರೆಯೋ ಸಾಲೂ ಅಷ್ಟೇ ಮುಖ್ಯ.

ಇಬ್ಬರೂ ಅವನ ಅಂಗಡಿಯಲ್ಲಿ ಒಂದು ಸಂಜೆ ಕೂತು ಲೆಕ್ಕ ಹಾಕಿದ್ವಿ. ಲೆಕ್ಕದ ಮೊದಲ ಕಷ್ಟ ಅಂದ್ರೆ "ಒಂದು ಆರ್ಡರ್" ಅಂದ್ರೆ ಎಷ್ಟು ಕೆಲಸ ಅನ್ನೋದು. ಸಾದಾ ಜಂಪರ್ ಬೇರೆ, ಲೈನಿಂಗ್ ಇರೋದು ಬೇರೆ. ಲೈನಿಂಗ್ ಬಟ್ಟೆಯನ್ನ ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಬೇಕು. ಅರ್ಧ ದಿನ ಅದಕ್ಕೇ ಹೋಗುತ್ತೆ. ಅವಸರದಲ್ಲಿ ಇದನ್ನ ಬಿಟ್ಟು ಹೊಲಿದ್ರೆ ಅಂಗಡಿಯಲ್ಲಿ ಚೆಂದ ಕಾಣುತ್ತೆ, ಮೊದಲ ಸಲ ಒಗೆದ ಮೇಲೆ ಒಳಗಿನದು ಕುಗ್ಗಿ ಮೇಲಿನ ಬಟ್ಟೆ ಸುಕ್ಕು ಸುಕ್ಕಾಗಿ ನಿಲ್ಲುತ್ತೆ. ನಿಮ್ಮ ಮನೆಯಲ್ಲಿ ಅಂಥದ್ದು ಇದ್ರೆ ಅದು ಹಬ್ಬದ ಗಡಿಬಿಡಿಯಲ್ಲಿ ಹೊಲಿದದ್ದೇ ಅಂತ ತಿಳಕೊಳ್ರಿ. ಅವಸರಕ್ಕೆ ಇನ್ನೊಂದು ಗುರುತು ಐತಿ. ಪಕ್ಕದ ಹೊಲಿಗೆ ಒಳಗೆ ಬಟ್ಟೆ ಬಿಟ್ಟಿರಲ್ಲ. ಮುಂದೆ ಮೈ ಬಂದಾಗ ಬಿಚ್ಚಿ ದೊಡ್ಡದು ಮಾಡೋಣ ಅಂದ್ರೆ ಬಿಚ್ಚೋಕೆ ಏನೂ ಇರಲ್ಲ.

ಹಿಂಗಾಗಿ ಸಾದಾ ಜಂಪರಿಗೆ ಒಂದು ಅಂತ, ಲೈನಿಂಗಿಗೆ ಎರಡು ಅಂತ, ಶರ್ಟಿಗೂ ಎರಡು ಅಂತ ಲೆಕ್ಕ ಇಟ್ವಿ. ಎರಡು ಮಿಷನ್ನಿನಿಂದ ದಿನಕ್ಕೆ 14 ಆಗುತ್ತೆ ಅಂದ. ಆದರೆ ಹಾಕಿ ನೋಡಿ "ತೋಳು ಬಿಗಿ", "ಕುತ್ತಿಗೆ ಇಳಿಸು" ಅಂತ ವಾಪಸ್ ತರೋರ ಕೆಲಸಕ್ಕೆ ದಿನಕ್ಕೆ ಎರಡರಷ್ಟು ಟೈಮ್ ಹೋಗುತ್ತೆ. ಉಳಿದದ್ದು 12. ಮಾರ್ಚ್ 11ರಿಂದ ಏಪ್ರಿಲ್ 6ರವರೆಗೆ 27 ದಿನ. ಹೋಳಿ ಒಂದು ದಿನ, ಕರೆಂಟು ಮಿಷನ್ನು ಕೈಕೊಡೋದಕ್ಕೆ ಒಂದು ದಿನ ತೆಗೆದ್ರೆ 25. ಅಲ್ಲಿಗೆ 300 ಲೆಕ್ಕದ ಕೆಲಸ. ಪುಸ್ತಕದಲ್ಲಿ ಆಗಲೇ 120 ಬರೆದಿತ್ತು. ಉಳಿದದ್ದು 180. ಸೀಸನ್ನಿನಲ್ಲಿ ದಿನಕ್ಕೆ ಸುಮಾರು 15 ಲೆಕ್ಕದ ಬಟ್ಟೆ ಬರುತ್ತೆ. ಹನ್ನೆರಡು ದಿನಕ್ಕೆ, ಅಂದ್ರೆ ಮಾರ್ಚ್ 22ಕ್ಕೆ ಪುಸ್ತಕ ತುಂಬುತ್ತೆ.

ಹುಡುಗ ಈ ಲೆಕ್ಕ ನೋಡಿ ಸುಮ್ಮನೆ ಕೂತ. ಹಿಂದಿನ ದಸರಾಕ್ಕೆ ಹಬ್ಬದ ನಾಲ್ಕು ದಿನ ಮುಂಚಿನವರೆಗೂ ಬಟ್ಟೆ ತಗೊಂಡಿದ್ದನಂತೆ. "ಅದಕ್ಕೇನಣ್ಣ ಮೂರು ರಾತ್ರಿ ನಿದ್ದಿಲ್ಲ, ಆದ್ರೂ ಬೈಸಿಕೊಂಡೆ" ಅಂದ.

ಕೊನೆ ದಿನವನ್ನ 22 ಅಲ್ಲ, 20 ಅಂತ ಇಡೋಣ ಅಂದೆ. ಎರಡು ದಿನ ಮೊದಲೇ ನಿಲ್ಲಿಸಿದ್ರೆ 30 ಲೆಕ್ಕದ ಕೆಲಸ ಖಾಲಿ ಉಳಿಯುತ್ತೆ. ಆ ಮೂವತ್ತು ತಡವಾಗಿ ಬಂದವರ ಪಾಲು. ಆದರೆ ಮನೆಗೆ ಐದು ಅಲ್ಲ. ತಲೆಗೆ ಒಂದೇ, ಅದೂ ಸಾದಾ. ಯಾರು ಮೊದಲು ಬಂದ್ರೋ ಅವರಿಗೆ. ಆಫೀಸಿನಲ್ಲಿ ನಾನು ಇಪ್ಪತ್ತು ವರ್ಷದಿಂದ ನೋಡಿರೋದು, ಬಡವನ ಅರ್ಜಿಗೆ ಇರೋ ಒಂದೇ ಕಾವಲು ಇನ್‌ವರ್ಡ್ ನಂಬರ್. ನಂಬರು ತಾರೀಕು ಬಿದ್ದ ಕಾಗದವನ್ನ ಕೆಳಗೆ ತಳ್ಳೋದು ಸುಲಭ ಅಲ್ಲ, ತಳ್ಳಿದ್ರೂ ಗೊತ್ತಾಗುತ್ತೆ. ಅದಕ್ಕೇ ಇಲ್ಲೂ ಚೀಟಿಗೆ ನಂಬರು ಹಾಕು, ಅದೇ ನಂಬರು ಪುಸ್ತಕದಲ್ಲಿ, ಅದೇ ನಂಬರು ಬಟ್ಟೆಗೆ ಪಿನ್ನು ಮಾಡಿದ ತುಂಡಿನ ಮೇಲೆ ಅಂತ ಹೇಳಿದೆ.

ಅಡ್ವಾನ್ಸ್ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳ ಆಯ್ತು. ಕೂಲಿಯವ್ರ ಹತ್ರ ಅಡ್ವಾನ್ಸ್ ಕೇಳಬೇಡ ಅಂದೆ. ಅವನು ಗೋಡೆಯ ಮೊಳೆಗೆ ತೂಗುಹಾಕಿದ್ದ ಕವರುಗಳನ್ನ ತೋರಿಸಿದ. ದಸರಾಕ್ಕೆ ಹೊಲಿದ 11 ಜಂಪರ್, ಐದು ತಿಂಗಳಾದ್ರೂ ಯಾರೂ ತಗೊಂಡು ಹೋಗಿರಲಿಲ್ಲ. "ದಾರ, ಹುಕ್ಕು, ಹುಡುಗನ ಕೂಲಿ ನಾನು ಕೊಟ್ಟಾಗೈತಣ್ಣ. ನಿಮ್ಮ ಭಾಷಣಕ್ಕೆ ನನ್ನ ಮಿಷನ್ನು ತಿರಗಲ್ಲ" ಅಂದ. ಮಾತು ಸರಿ ಇತ್ತು. ಅಂಗಡಿಯಲ್ಲಿ ಆಗ ಸಾದಾ ಜಂಪರಿಗೆ 150 ರೂಪಾಯಿ. ಅರ್ಧ ಅಡ್ವಾನ್ಸ್ ಅಂತ ಅವನಿಗಿತ್ತು. ಕೊನೆಗೆ ತಡದ ಮೂವತ್ತಕ್ಕೆ 30 ರೂಪಾಯಿ ಟೋಕನ್ನು, ಉಳಿದ ಆರ್ಡರಿಗೆ ಅರ್ಧ ಅಂತ ಮುಗಿಸಿದ್ವಿ.

ಬೋರ್ಡಿಗೆ ಬರೆದದ್ದು ಇಷ್ಟು:

"ಉಗಾದಿ ಮತ್ತು ರಂಜಾನ್ ಹೊಲಿಗೆಗೆ ಬಟ್ಟೆ ಕೊಡಲು ಕೊನೆ ದಿನ: ಮಾರ್ಚ್ 20, ಬುಧವಾರ, ರಾತ್ರಿ 8. ಬಟ್ಟೆ ವಾಪಸ್: ಏಪ್ರಿಲ್ 7ರ ಒಳಗೆ. 20ರ ನಂತರ ಬಂದವರಿಗೆ ಒಬ್ಬರಿಗೆ ಒಂದು ಸಾದಾ ಬ್ಲೌಸ್ ಮಾತ್ರ, ಒಟ್ಟು 30, ಬಂದ ಕ್ರಮದಲ್ಲಿ ನಂಬರ್. 30 ಮುಗಿದ ಮೇಲೆ ಏಪ್ರಿಲ್ 15ರ ನಂತರವೇ. ಜಯಂತಿಯ ಬಿಳಿ ಶರ್ಟ್ 18 ಮಾತ್ರ, ಕೊನೆ ದಿನ ಮಾರ್ಚ್ 31. ಅರ್ಜೆಂಟ್ ಚಾರ್ಜ್ ಇಲ್ಲ. ಎಲ್ಲರಿಗೂ ಇದೇ ನಿಯಮ."

ಶರ್ಟು ಹದಿನೆಂಟೇ ಯಾಕೆ ಅಂತ ನಮ್ಮ ಹುಡುಗರೇ ಆಮೇಲೆ ಕೇಳಿದ್ರು. ಜಯಂತಿಗೆ ಮುಂಚೆ ಅವನಿಗೆ ಸಿಗೋದು ಏಪ್ರಿಲ್ 8, 10, 11, ಮೂರೇ ದಿನ. ದಿನಕ್ಕೆ 12ರಂತೆ 36, ಶರ್ಟಿಗೆ ಎರಡು ಲೆಕ್ಕ ಅಂದ್ರೆ 18. ಹನ್ನೆರಡಕ್ಕೆ ಯಾಕೆ ಹೊಲಿಯಬಾರದು ಅಂದ್ರೆ, ಅವನ ಹತ್ರ ಕಾಜಾ ಮಿಷನ್ ಇಲ್ಲ. ಶರ್ಟುಗಳನ್ನ ಗಂಟು ಕಟ್ಟಿ ಬಸ್ಸಿನಲ್ಲಿ ಬಳ್ಳಾರಿಯ ಕಾಜಾ ಅಂಗಡಿಗೆ ಒಯ್ಯಬೇಕು. 12ಕ್ಕೆ ಹೋದ ಗಂಟು 13ಕ್ಕೆ ವಾಪಸ್ ಬಂದ್ರೆ ಗುಂಡಿ ಹಚ್ಚಿ ಇಸ್ತ್ರಿ ಮಾಡೋಕೆ ಒಂದು ಸಂಜೆ ಉಳಿಯುತ್ತೆ. ಗಿರಾಕಿ ಕಣ್ಣಿಗೆ ಮಿಷನ್ನು ಮಾತ್ರ ಕಾಣುತ್ತೆ, ಈ ಬಸ್ಸು ಕಾಣಲ್ಲ. ಹಬ್ಬದ ಮುಂದೆ ಕಾಜಾ ಅಂಗಡಿಯ ಮುಂದೂ ಗಂಟುಗಳ ಸಾಲೇ.

ಬೋರ್ಡು ಹಾಕಿದ ಮೇಲೆ ಏನಾಯ್ತು? ಮಾರ್ಚ್ 20ರ ರಾತ್ರಿ ಅಂಗಡಿ ತುಂಬಾ ಜನ, ಅದು ಎಲ್ಲಾ ಕಡೆ ಆಗೋದೇ. ತಡದ ಮೂವತ್ತು ಚೀಟಿ ಎಂಟು ದಿನಕ್ಕೆ, 28ಕ್ಕೆ ಮುಗಿದವು. ಹೆಚ್ಚಿನವು ಕೂಲಿ ಹೆಣ್ಣುಮಕ್ಕಳವೇ. ಒಂದು ಮನೆಯವ್ರು ಅತ್ತೆ, ಸೊಸೆ, ನಾದಿನಿ ಅಂತ ಮೂವರನ್ನ ಬೇರೆ ಬೇರೆ ಕಳಿಸಿ ಮೂರು ಚೀಟಿ ತಗೊಂಡ್ರು. ತಲೆಗೊಂದು ಅಂತ ನಾವೇ ಬರೆದಿದ್ವಿ, ಕೊಡಲೇಬೇಕು. ಮೂವರ ಜಂಪರೂ ಒಂದೇ ಅಳತೆ ಬಂದದ್ದು ನೋಡಿ ಅವನ ಹೆಂಡತಿ ನಕ್ಕಿದ್ದೇ ನಕ್ಕಿದ್ದು.

30ನೇ ತಾರೀಕು ದೊಡ್ಡ ಮನೆಯ ಕಾರು ಬಂತು. ಐದು ಲೈನಿಂಗ್ ಜಂಪರಿನ ಬಟ್ಟೆ, ಅಂದ್ರೆ ಹತ್ತು ಲೆಕ್ಕದ ಕೆಲಸ. ಹುಡುಗ ಏನೂ ಮಾತಾಡದೆ ಬೋರ್ಡಿನ ಕಡೆ ಕೈ ತೋರಿಸಿದ. "ಅದು ಮಂದಿಗೆ ಬರ್ದಿದ್ದು, ನಮಗಲ್ಲ" ಅಂತ ನಕ್ಕು, ಬಟ್ಟೆ ಕೌಂಟರ್ ಮೇಲೆ ಬಿಟ್ಟು ಹೋದ್ರು. ಹಿಂದೆ ಆಗಿದ್ರೆ ಆ ಐದು ಜಂಪರಿಗಾಗಿ ಹತ್ತು ಕೂಲಿ ಹೆಣ್ಣುಮಕ್ಕಳು ಹಳೇದು ಹಾಕಿಕೊಂಡು ಹಬ್ಬ ಮಾಡಬೇಕಿತ್ತು. ಅವನು ಅವತ್ತು ರಾತ್ರಿ ಫೋನ್ ಮಾಡಿದ, ಧ್ವನಿ ಸಣ್ಣದಾಗಿತ್ತು. ನೀನು ವಾಪಸ್ ಕೊಡೋದು ಬೇಡ, ಆಗಲ್ಲ ಅನ್ನೋದೂ ಬೇಡ. ಏಪ್ರಿಲ್ 15ರ ಚೀಟಿ ಬರೆದು ನಂಬರು ಹಾಕಿ ಅವರ ಮನೆಗೆ ಕಳಿಸು, ಬಟ್ಟೆ ನಿನ್ನ ಹತ್ರ ಭದ್ರ ಇರಲಿ ಅಂದೆ. ಹಂಗೇ ಮಾಡಿದ. ಮರುದಿನ ಆಳು ಬಂದು ಬಟ್ಟೆ ತಗೊಂಡು ಹೋದ. ಬಳ್ಳಾರಿಯಲ್ಲಿ ಡಬಲ್ ಚಾರ್ಜ್ ಕೊಟ್ಟು ಹೊಲಿಸಿದ್ರಂತೆ. "ಬೋರ್ಡು ಬರ್ದವ್ರು ಯಾರು" ಅಂತ ಎರಡು ಕಡೆ ವಿಚಾರಿಸಿದ್ದೂ ನನ್ನ ಕಿವಿಗೆ ಬಿತ್ತು. ಬರೆದವನು ನಾನೇ ಅಂತ ಇಲ್ಲೇ ಹೇಳ್ತಾ ಇದೀನಿ.

ಆ ಮನೆ ಆಮೇಲೆ ಅವನ ಅಂಗಡಿಗೆ ಬರಲಿಲ್ಲ. ವರ್ಷಕ್ಕೆ ಹತ್ತು ಹನ್ನೆರಡು ಸಾವಿರದ ಗಿರಾಕಿ ಅದು. ಆ ನಷ್ಟವನ್ನ ನಾನು ತುಂಬಿಕೊಡಲಿಲ್ಲ, ಕೊಡೋ ಶಕ್ತಿಯೂ ಇಲ್ಲ. ಎರಡು ಮಿಷನ್ನಿನ ಅಂಗಡಿ ಇಂಥ ಮನೆ ಒಂದನ್ನ ಕಳಕೊಂಡು ತಡಕೊಳ್ಳುತ್ತೆ, ಮೂರನ್ನ ಕಳಕೊಂಡ್ರೆ ಅವನು ಮತ್ತೆ ಜೀನ್ಸ್ ಘಟಕದ ಮಿಷನ್ನಿಗೇ ಹೋಗಬೇಕು. ಸಿರುಗುಪ್ಪದ ಅಕ್ಕ ಹಿತ್ತಲ ಬಾಗಿಲು ಯಾಕೆ ತೆಗೆದಿಟ್ಟಿದ್ರು ಅಂತ ಆಗ ಸರಿಯಾಗಿ ತಿಳೀತು.

ಏಪ್ರಿಲ್ 1ಕ್ಕೆ ನಮ್ಮ ಸಂಘದ ಹುಡುಗರು ಬಂದ್ರು, 25 ಬಿಳಿ ಶರ್ಟಿನ ಬಟ್ಟೆ ಹೊತ್ತುಕೊಂಡು. ಕೊನೆ ದಿನ ಹಿಂದಿನ ದಿನವೇ ಮುಗಿದಿತ್ತು. ಹದಿನೆಂಟರಲ್ಲಿ ಆರು ಬೇರೆಯವ್ರು ಬರೆಸಿದ್ರು, ಹನ್ನೆರಡು ಖಾಲಿ ಇತ್ತು. "ಅಣ್ಣ, ನೀವೊಂದು ಮಾತು ಹೇಳಿದ್ರೆ ಹೊಲೀತಾನೆ, ಬಾಬಾಸಾಹೇಬರ ಜಯಂತಿಗೇ ಇಲ್ಲ ಅಂತಾನಾ" ಅಂತ ನನ್ನ ಮನೆಗೆ ಬಂದ್ರು. ನಾನು ಮಾತು ಹೇಳಲಿಲ್ಲ. ಖಾಲಿ ಇರೋ ಹನ್ನೆರಡನ್ನ ಒಂದು ದಿನ ತಡವಾದ್ರೂ ಕೊಡಬೇಕೋ ಬೇಡವೋ ಅದು ಟೇಲರಿಗೆ ಬಿಟ್ಟದ್ದು ಅಂದೆ. ಅವನು ಹನ್ನೆರಡು ತಗೊಂಡ, ಹದಿಮೂರನೇದು ತಗೊಳ್ಳಲಿಲ್ಲ. ಉಳಿದ ಹದಿಮೂರು ಹುಡುಗರು ಬಳ್ಳಾರಿಗೆ ಹೋಗಿ ರೆಡಿಮೇಡ್ ಬಿಳಿ ಶರ್ಟ್ ತಂದು ಮೆರವಣಿಗೆಗೆ ಬಂದ್ರು. ನೀಲಿ ಶಾಲು ಹಾಕಿದ ಮೇಲೆ ಯಾವುದು ಹೊಲಿಸಿದ್ದು, ಯಾವುದು ಕೊಂಡಿದ್ದು ಅಂತ ಯಾರಿಗೂ ಗೊತ್ತಾಗಲಿಲ್ಲ. ಒಬ್ಬಿಬ್ಬರು ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ. ಇದನ್ನ ಓದ್ತಾ ಇರ್ತೀರಿ, ಓದ್ರಪ್ಪ.

ಏಪ್ರಿಲ್ 7ಕ್ಕೆ ಮೂವತ್ತು ಚೀಟಿಯ ಜಂಪರ್‌ಗಳಲ್ಲಿ 28 ಹೋದವು. ಎರಡು ಉಳಿದವು. ಒಬ್ಬರದು ತವರಲ್ಲಿ ಸಾವಾಗಿತ್ತು, ಇನ್ನೊಬ್ಬರು ಗುಳೆ ಹೋಗಿದ್ರು.

ಇನ್ನೊಂದು ಮಾತು, ಬೇರೆ ಊರಿನ ಟೇಲರ್ ತಮ್ಮಂದಿರು ಫೋಟೋ ಕಳಿಸಿ ಅಂತ ಕೇಳ್ತಾ ಇದ್ದೀರಿ. ಬೋರ್ಡಿನ ತಾರೀಕು ಹಂಗೇ ನಕಲು ಹೊಡೀಬೇಡಿ. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತೆ, ಉಗಾದಿಯೂ ಒಂದೇ ತಾರೀಕಿಗೆ ಬರಲ್ಲ, ಜಯಂತಿ ಮಾತ್ರ ಅಲ್ಲೇ ನಿಂತಿರುತ್ತೆ. 2025ರಲ್ಲಿ ಉಗಾದಿ ಮಾರ್ಚ್ 30, ರಂಜಾನ್ 31. ಎರಡೂ ಬೆನ್ನಿಗೆ ಬೆನ್ನು ಬಂದವು, ಆದರೆ ಜಯಂತಿಗೆ ಎರಡು ವಾರ ಬಿಡುವು ಸಿಕ್ಕಿತು. ಆ ಸಲ ಲೆಕ್ಕವನ್ನ ಹುಡುಗನೇ ಹಾಕಿಕೊಂಡು ಬಂದಿದ್ದ. ಕೊನೆ ದಿನ ಮಾರ್ಚ್ 8, ಶರ್ಟಿನ ಸಾಲಿನಲ್ಲಿ 18 ಹೊಡೆದುಹಾಕಿ 40. ತಡದ ಚೀಟಿಯನ್ನೂ ಮೂವತ್ತರಿಂದ ಮೂವತ್ತಾರು ಮಾಡಿದ್ದ. "ಇದ್ಯಾಕೋ ತಮ್ಮ ಆರು ಜಾಸ್ತಿ" ಅಂದೆ. "ದೊಡ್ಡ ಮನಿಯವ್ರು ಬರಲ್ಲಲ್ಲಣ್ಣ, ಅವ್ರ ಜಾಗ ಖಾಲಿ ಐತಿ" ಅಂದ.